ಹಸಿರು ಸೀರೆಯ ಅಂಚಿನಲ್ಲಿ ಉಳಿದ ಕೆಂಪು

"ಅಣ್ಣಾರ, ನಮ್ಮ ಆಯಿ ಫೋಟೊ ಐತ್ರಿ, ಫ್ರೇಮ್ ಹಾಕಿಸಬೇಕು. ಸೀರಿ ಕೆಂಪ ಐತಿ, ಆಕೀಗೆ ಹಸರ ಇಳಕಲ್ ಸೀರಿ ಭಾಳ ಸೇರತಿತ್ತು. ಬಣ್ಣ ಬದಲ ಮಾಡಿಕೊಡ್ರಿ. ಫೋಟೊ ವಾಟ್ಸ್‌ಆ್ಯಪ್‌ನ್ಯಾಗ ಕಳಿಸೇನಿ."

ಹುಬ್ಬಳ್ಳಿ ಕಡೆಯ ಯಾವ ಸ್ಟುಡಿಯೊದಲ್ಲಿ ಕೂತರೂ ಇಂಥ ಕೋರಿಕೆ ಕಿವಿಗೆ ಬೀಳುತ್ತದೆ. ಬನಿಯನ್ ತೊಟ್ಟ ಅಜ್ಜನಿಗೆ ಕೋಟು ಹಾಕಬೇಕು, ಗ್ರೂಪ್ ಫೋಟೊದಲ್ಲಿರುವ ಅಕ್ಕತಂಗಿಯರ ಸೀರೆಯೆಲ್ಲ ಒಂದೇ ಬಣ್ಣಕ್ಕೆ ತರಬೇಕು, ಪಾಸ್‌ಪೋರ್ಟ್ ಫೋಟೊಗೆ ಕಾಲರ್ ಇರುವ ಶರ್ಟು ಬೇಕು. ಕೆಲಸ ಗೊತ್ತಿದ್ದವರಿಗೆ ಇವು ಕಷ್ಟದವಲ್ಲ. ಕಷ್ಟ ಶುರುವಾಗುವುದು ಬಂದ ಫೋಟೊ ತೆರೆದು ನೋಡಿದಾಗ. ಅದು ಅಸಲು ಫೋಟೊ ಆಗಿರುವುದಿಲ್ಲ. ಯಾರದೋ ನಾಮಕರಣದಲ್ಲಿ ತೆಗೆದ ಗ್ರೂಪ್ ಫೋಟೊ ಮನೆಯ ಗ್ರೂಪಿಗೆ ಬಂದಿರುತ್ತದೆ, ಒಬ್ಬರು ಅದನ್ನು ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ಹೊಡೆದಿರುತ್ತಾರೆ, ಸ್ಟುಡಿಯೊಗೆ ಬರುವುದು ಆ ಸ್ಕ್ರೀನ್‌ಶಾಟು. ಮೊಬೈಲಿನಲ್ಲಿ ನೋಡಿದರೆ ಅಜ್ಜಿಯ ಮುಖ ಚೆನ್ನಾಗಿಯೇ ಇರುತ್ತದೆ. ಹಾಳಾಗಿರುವುದು ಸೀರೆ.

ಮುಖ ಉಳಿದು ಸೀರೆ ಕೆಡಲು ಕಾರಣ ಜೆಪೆಗ್ ಎಂಬ ಪದ್ಧತಿಯಲ್ಲಿದೆ. 1992ರಲ್ಲಿ ಮಾನಕವಾದ ಈ ಪದ್ಧತಿಯನ್ನೇ ಇಂದಿಗೂ ಬಹುತೇಕ ಕ್ಯಾಮೆರಾಗಳೂ ಮೆಸೇಜಿಂಗ್ ಆ್ಯಪ್‌ಗಳೂ ಬಳಸುತ್ತವೆ. ಅದು ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿಕೊಂಡು, ಒಂದೊಂದು ಚೌಕದಲ್ಲೂ ಬೆಳಕು ನೆರಳು ನಿಧಾನವಾಗಿ ಬದಲಾಗುವ ಭಾಗವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಜಿಗಿಯುವ ಸೂಕ್ಷ್ಮವನ್ನು ಮೊದಲು ಬಿಟ್ಟುಬಿಡುತ್ತದೆ. ಕೆನ್ನೆಯ ಮೇಲೆ ಬೆಳಕು ನಿಧಾನವಾಗಿಯೇ ಬದಲಾಗುತ್ತದೆ, ಹಾಗಾಗಿ ಅದು ಉಳಿಯುತ್ತದೆ. ಇಳಕಲ್ ಸೀರೆಯ ಒಡಲಿನ ಸಣ್ಣ ಚೌಕಡಿ, ದಡಿಯ ಗೆರೆಗಳು, ನೂಲಿನ ನೇಯ್ಗೆ, ಇವೆಲ್ಲ ಜಿಗಿಯುವ ಸೂಕ್ಷ್ಮಗಳೇ. ಫೈಲು ಚಿಕ್ಕದಾಗಬೇಕೆಂದರೆ ಮೊದಲು ಹೋಗುವುದು ಇವು.

ಬಣ್ಣದ ಕಥೆ ಇನ್ನೂ ಕೆಟ್ಟದ್ದು. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಆ ಧೈರ್ಯದ ಮೇಲೆ ಜೆಪೆಗ್ ಸಾಮಾನ್ಯವಾಗಿ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಡುತ್ತದೆ. ನಾಲ್ಕು ಮನೆಗೆ ಒಂದೇ ನಲ್ಲಿ ಕೊಟ್ಟ ಹಾಗೆ. ಕ್ಯಾಮೆರಾದ ದೊಡ್ಡ ಫೋಟೊದಲ್ಲಿ ಇದರಿಂದ ನಷ್ಟವಿಲ್ಲ, ಪಿಕ್ಸೆಲ್‌ಗಳೇ ಬೇಕಾದಷ್ಟಿರುತ್ತವೆ. ಅದೇ ಫೋಟೊವನ್ನು ಕುಗ್ಗಿಸಿ ಮತ್ತೆ ಜೆಪೆಗ್ ಮಾಡಿದಾಗ ಕೆಂಪು ಸೀರೆಯ ಬಣ್ಣ ಅಂಚು ದಾಟಿ ಕತ್ತಿನ ಚರ್ಮಕ್ಕೂ ಹಿಂದಿನ ಗೋಡೆಗೂ ಒಂದೆರಡು ಪಿಕ್ಸೆಲ್ ಹರಡುತ್ತದೆ. ಸುಮ್ಮನೆ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸೀರೆಯನ್ನು ಹಸಿರು ಮಾಡಿದ ತಕ್ಷಣ ಅಂಚಿನುದ್ದಕ್ಕೂ ಕೆಂಪು ಗೆರೆಯೊಂದು ಎದ್ದು ಕೂರುತ್ತದೆ. ಬಣ್ಣ ಬದಲಿಸುವವನ ಕೈ ಸರಿಯಿಲ್ಲ ಎಂದು ಗಿರಾಕಿ ಗೊಣಗುವುದು ಈ ಗೆರೆ ನೋಡಿಯೇ. ನನ್ನ ಮಟ್ಟಿಗೆ ಆ ಬೈಗುಳ ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಅಜ್ಜಿಯ ಫೋಟೊದ ಲೆಕ್ಕವನ್ನೇ ಹಾಕಿ ನೋಡೋಣ. ಮೊಬೈಲ್ ಕ್ಯಾಮೆರಾ ತೆಗೆದ ಅಸಲು ಗ್ರೂಪ್ ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಎಂದಿಟ್ಟುಕೊಳ್ಳಿ. ಅದರಲ್ಲಿ ಅಜ್ಜಿಯ ಸೊಂಟದವರೆಗಿನ ಭಾಗ 1000ಕ್ಕೆ 1500. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಗುಣಮಟ್ಟದಲ್ಲಿ ಕಳಿಸಿದಾಗ ಫೋಟೊದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಅಜ್ಜಿಗೆ ಸಿಗುವುದು 400ಕ್ಕೆ 600. ಅದನ್ನು 1080 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಪೂರ್ತಿ ಕಾಣುವಂತೆ ಇಟ್ಟು ಸ್ಕ್ರೀನ್‌ಶಾಟ್ ತೆಗೆದರೆ 270ಕ್ಕೆ 405. ಎಂಟು ಇಂಚಿಗೆ ಹನ್ನೆರಡು ಇಂಚಿನ ಫ್ರೇಮಿಗೆ ಇದನ್ನು ಹಿಗ್ಗಿಸಿದರೆ ಅಸಲಿನಿಂದ ಇಂಚಿಗೆ 125 ಪಿಕ್ಸೆಲ್, ವಾಟ್ಸ್‌ಆ್ಯಪ್ ಪ್ರತಿಯಿಂದ 50, ಸ್ಕ್ರೀನ್‌ಶಾಟಿನಿಂದ 34ರಷ್ಟೂ ಬರುವುದಿಲ್ಲ. ಒಳ್ಳೆಯ ಪ್ರಿಂಟಿಗೆ ಸ್ಟುಡಿಯೊದವರು ಕೇಳುವುದು 300. ಗೋಡೆಗೆ ತೂಗುಹಾಕುವ ಫ್ರೇಮಿಗೆ ಅದರ ಅರ್ಧವಾದರೂ ನಡೆಯುತ್ತದೆ. ಅಸಲಿನಿಂದ ಹೇಗೋ ಕೆಲಸ ಸಾಗಿಸಬಹುದು, ಉಳಿದೆರಡರಿಂದ ಕಷ್ಟ.

ಸ್ಕ್ರೀನ್‌ಶಾಟ್ ಮಾಡುವ ಇನ್ನೊಂದು ಹಾನಿ ಈ ಲೆಕ್ಕದಲ್ಲಿ ಕಾಣುವುದಿಲ್ಲ. ವಾಟ್ಸ್‌ಆ್ಯಪ್ ಪ್ರತಿಯಲ್ಲಿ ಎಂಟರ ಚೌಕಗಳು ಒಂದು ಕ್ರಮದಲ್ಲಿರುತ್ತವೆ, ಜೆಪೆಗ್ ಕಲೆ ತೆಗೆಯುವ ಫಿಲ್ಟರ್‌ಗಳಿಗೆ ಅವನ್ನು ಹಿಡಿಯುವುದು ಸುಲಭ. ಪರದೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿದಾಗ ಆ ಚೌಕಗಳು ಐದೂವರೆ ಪಿಕ್ಸೆಲ್‌ನಂಥ ಬೆಸ ಅಳತೆಗೆ ಇಳಿದು ಬಟ್ಟೆಯ ನೇಯ್ಗೆಯ ಜೊತೆ ಕಲೆತುಬಿಡುತ್ತವೆ. ಸೀರೆಯ ಚೌಕಡಿ ಯಾವುದು, ಜೆಪೆಗ್ ಚೌಕ ಯಾವುದು ಎಂದು ಆಮೇಲೆ ಬಿಡಿಸಿ ಹೇಳಲಾಗದು. ಸ್ಕ್ರೀನ್‌ಶಾಟ್ ಪಿಎನ್‌ಜಿ ಫೈಲಾಗಿದೆ, ಆದ್ದರಿಂದ ಗುಣಮಟ್ಟ ಚೆನ್ನಾಗಿದೆ ಎಂದು ವಾದಿಸುವವರೂ ಇದ್ದಾರೆ. ಪಿಎನ್‌ಜಿ ಏನನ್ನೂ ಕಳೆಯುವುದಿಲ್ಲ, ನಿಜ. ಆದರೆ ಅದು ಹಾಗೇ ಕಾಪಾಡುವುದು ಅಷ್ಟರಲ್ಲಾಗಲೇ ಕೆಟ್ಟ ಚಿತ್ರವನ್ನು.

ಕೆಲಸ ಒಪ್ಪಿಕೊಳ್ಳುವ ಮೊದಲು ಫೈಲಿನ ಹೆಸರು ನೋಡಿ. `IMG-20240512-WA0007.jpg` ಎಂಬಂತೆ ನಡುವೆ WA ಇದ್ದರೆ ಅದು ವಾಟ್ಸ್‌ಆ್ಯಪ್ ಮೂಲಕ ಬಂದದ್ದು. `Screenshot` ಎಂದಿದ್ದರೆ ಹೇಳುವುದೇ ಬೇಡ. ಗ್ಯಾಲರಿಯ ವಿವರಗಳಲ್ಲಿ ಅಗಲ ಎತ್ತರ ಇರುತ್ತದೆ; ಅಲ್ಲೇ ಕ್ಯಾಮೆರಾದ ಹೆಸರು, ಲೆನ್ಸಿನ ವಿವರ ಇದ್ದರೆ ಅಸಲು ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ವಿವರಗಳು ಅಳಿಸಿಹೋಗುತ್ತವೆ. ಹೆಸರು ಬದಲಾಗಿದ್ದರೆ ಫೋಟೊಶಾಪ್‌ನಲ್ಲಿ ಚಿತ್ರವನ್ನು ಲ್ಯಾಬ್ ಮೋಡ್‌ಗೆ ತಂದು, ಚಾನೆಲ್ಸ್ ಪಟ್ಟಿಯಲ್ಲಿ `a` ಒಂದನ್ನೇ ತೆರೆದು, ಸೀರೆ ಮತ್ತು ಕತ್ತು ಸೇರುವ ಜಾಗವನ್ನು ದೊಡ್ಡದು ಮಾಡಿ. ಒಳ್ಳೆಯ ಫೋಟೊದಲ್ಲಿ ದಡಿಯ ಗೆರೆ ಅಲ್ಲೂ ಗೆರೆಯಾಗಿಯೇ ಕಾಣುತ್ತದೆ. ಕೆಟ್ಟದ್ದರಲ್ಲಿ ಮೆಟ್ಟಿಲು ಮೆಟ್ಟಿಲಾದ ಬೂದು ಕಲೆಗಳು ಮಾತ್ರ ಕಂಡು, ಸೀರೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಯಿತೆಂದು ತಿಳಿಯುವುದೇ ಇಲ್ಲ. ಈ ಒಂದು ಪರೀಕ್ಷೆ ಸಾಕು, ಬಣ್ಣ ಬದಲಿಸಿದರೆ ಅಂಚು ನಿಲ್ಲುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ನಿಲ್ಲುವುದಿಲ್ಲ ಎಂದಾದರೆ ಮೌಸ್ ಬದಿಗಿಟ್ಟು ಫೋನ್ ಹಚ್ಚುವುದು ಲೇಸು. ಕೇಳಬೇಕಾದದ್ದು ಒಂದೇ ಪ್ರಶ್ನೆ: "ಈ ಫೋಟೊ ಮೊದಲು ಯಾರ ಮೊಬೈಲಿನಲ್ಲಿ ತೆಗೆದದ್ದು?" ತೆಗೆದವರ ಮೊಬೈಲಿನ `DCIM/Camera` ಫೋಲ್ಡರಿನಲ್ಲಿ ಅಸಲು ಇನ್ನೂ ಇರುವ ಸಾಧ್ಯತೆ ಹೆಚ್ಚು. ವಾಟ್ಸ್‌ಆ್ಯಪ್‌ನ `Sent` ಫೋಲ್ಡರಿನಲ್ಲಿರುವುದು ಬೇಡ, ಅದು ಕುಗ್ಗಿದ ಪ್ರತಿ. ಅಜ್ಜಿಯ ಮೊಮ್ಮಗ ಪುಣೆಯಲ್ಲಿದ್ದು ಫೋಟೊ ಅವನೇ ತೆಗೆದಿದ್ದರೆ, ಚಾಟ್‌ನಲ್ಲಿ ಪೇಪರ್‌ಕ್ಲಿಪ್ ಗುರುತು ಒತ್ತಿ, ಗ್ಯಾಲರಿಯ ಬದಲು ಡಾಕ್ಯುಮೆಂಟ್ ಆರಿಸಿ ಕಳಿಸಲು ಹೇಳಿ. ಹಾಗೆ ಕಳಿಸಿದ ಫೈಲನ್ನು ಆ್ಯಪ್ ಮುಟ್ಟುವುದಿಲ್ಲ, ಇದ್ದದ್ದು ಇದ್ದ ಹಾಗೆ ಬರುತ್ತದೆ. ಫೋಟೊ ತೆಗೆದ ಜಾಗದ ವಿವರ ಅದರಲ್ಲಿ ದಾಖಲಾಗಿದ್ದರೆ ಅದೂ ಜೊತೆಗೇ ಬರುತ್ತದೆ ಎಂಬುದನ್ನು ಕಳಿಸುವವರಿಗೆ ತಿಳಿಸಿಡುವುದು ಒಳ್ಳೆಯದು. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಮಾಮೂಲಿಗಿಂತ ಎಷ್ಟೋ ವಾಸಿ, ಆದರೆ ಅದರಲ್ಲೂ ಫೋಟೊ ಮತ್ತೊಮ್ಮೆ ಒತ್ತಲ್ಪಡುತ್ತದೆ. ಬಟ್ಟೆಯ ಕೆಲಸಕ್ಕೆ ಡಾಕ್ಯುಮೆಂಟೇ ಸರಿ. ಊರಲ್ಲೇ ಇದ್ದವರಿಗೆ ಕೇಬಲ್ ತರಲು ಹೇಳಿದರೆ ಇನ್ನೂ ಸಲೀಸು. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫೋಟೊ ಇದ್ದರೆ ಅವನ್ನೂ ತರಿಸಿಕೊಳ್ಳಿ, ಸೆರಗಿನ ಒಂದು ಮೂಲೆ ಎರವಲು ಬೇಕಾದರೂ ಬೇಕಾಗಬಹುದು. ಮನೆಯಲ್ಲಿ ಪ್ರಿಂಟ್ ಇದ್ದರೆ ಅದರ ಫೋಟೊ ತೆಗೆದು ಕಳಿಸುವುದು ಬೇಡ, ಪ್ರಿಂಟನ್ನೇ ತಂದುಕೊಟ್ಟರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಬಹುದು.

ಕೆಲವೊಮ್ಮೆ ಏನು ಮಾಡಿದರೂ ಅಸಲು ಸಿಗುವುದಿಲ್ಲ. ಮೊಬೈಲ್ ಕಳೆದಿರುತ್ತದೆ, ಇಲ್ಲವೇ ಜಾಗ ಸಾಲದೆ ಅಳಿಸಿರುತ್ತಾರೆ. ಆಗ ಸ್ಕ್ರೀನ್‌ಶಾಟ್ ಬಿಟ್ಟು ಗ್ರೂಪಿನಲ್ಲಿ ಬಂದ ಪ್ರತಿಯನ್ನೇ ಸೇವ್ ಮಾಡಿಸಿ ತರಿಸಿಕೊಳ್ಳಿ. ಅದನ್ನು ಕೂಡಲೇ ಪಿಎಸ್‌ಡಿ ಅಥವಾ ಟಿಫ್ ಆಗಿ ಉಳಿಸಿ, ಕೆಲಸ ಮುಗಿಯುವ ತನಕ ಮತ್ತೆ ಜೆಪೆಗ್ ಮಾಡಬೇಡಿ. ಮೊದಲು ಜೆಪೆಗ್ ಕಲೆ ತೆಗೆಯಿರಿ, ಆಮೇಲೆ ಹಿಗ್ಗಿಸಿ. ಶಾರ್ಪ್ ಮಾಡುವುದು ಎಲ್ಲದರ ಕೊನೆಗೆ. ಮೊದಲೇ ಶಾರ್ಪ್ ಮಾಡಿದರೆ ಗಟ್ಟಿಯಾಗುವುದು ಚೌಕಗಳ ಅಂಚೇ. ಒಂದೇ ಒತ್ತಿಗೆ ಫೋಟೊ ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳಲ್ಲೂ ಇದೇ ಅಪಾಯ: ಚೌಕಗಳನ್ನೇ ನೇಯ್ಗೆ ಎಂದು ಬಗೆದು ಸೀರೆಯಲ್ಲಿಲ್ಲದ ಡಿಸೈನ್ ನೇಯ್ದು ಕೊಡುತ್ತವೆ. ಸೀರೆಗೆ ಅದಾದರೆ ಸಹಿಸಬಹುದು, ಅಜ್ಜಿಯ ಕಣ್ಣಿಗೂ ಹಾಗೇ ಮಾಡಿದರೆ ಮನೆಯವರೇ ಗುರುತು ಹಿಡಿಯರು.

ಬಣ್ಣ ಹಾಕುವಾಗ ಸೀರೆಯ ಆಯ್ಕೆಯನ್ನು ಬೆಳಕಿನ ಚಾನೆಲ್ ನೋಡಿ ಮಾಡಿ, ಅಂಚು ಅಲ್ಲಿ ಮಾತ್ರ ಸರಿಯಾಗಿ ಉಳಿದಿರುತ್ತದೆ. ಹೊರಗೆ ಹರಡಿದ ಕೆಂಪಿಗೆ ಬೇರೊಂದು ಲೇಯರ್ ಬೇಕು: ಬ್ಲೆಂಡ್ ಮೋಡ್ 'ಕಲರ್' ಇಟ್ಟು, ಅಂಚಿನಿಂದ ನಾಲ್ಕೈದು ಪಿಕ್ಸೆಲ್ ಆಚೆಯ ಶುದ್ಧ ಚರ್ಮದ ಬಣ್ಣ ಎತ್ತಿ, ಸಣ್ಣ ಬ್ರಷ್‌ನಿಂದ ಅಂಚಿನುದ್ದಕ್ಕೂ ಎಳೆಯಿರಿ. ಬೆಳಕು ನೆರಳು ಹಾಗೇ ಉಳಿದು ಕೆಂಪು ಮಾತ್ರ ಹೋಗುತ್ತದೆ. ಗೋಡೆಯ ಕಡೆಗೂ ಹೀಗೇ. ಕೆಂಪಿನಿಂದ ಕಡು ಹಸಿರಿಗೆ ಹೋಗುವುದು ಸುಲಭ, ಕೆಂಪಿನಿಂದ ತಿಳಿ ಹಳದಿಗೆ ಹೋಗುವುದು ಕಷ್ಟ. ಕಡು ಬಣ್ಣದ ಬಟ್ಟೆಯ ಕತ್ತಲೆಯಲ್ಲಿ ಅಡಗಿದ್ದ ಕಲೆಗಳೆಲ್ಲ ತಿಳಿ ಮಾಡಿದಾಗ ಮೇಲೇಳುತ್ತವೆ. ಗಿರಾಕಿಗೆ ಇದನ್ನು ಮೊದಲೇ ಹೇಳಿ, ಫ್ರೇಮಿನ ಅಳತೆಯನ್ನೂ ಇಳಿಸಲು ಒಪ್ಪಿಸಿ. ನಾಲ್ಕಕ್ಕೆ ಆರು ಇಂಚಿನಲ್ಲಿ ವಾಟ್ಸ್‌ಆ್ಯಪ್ ಪ್ರತಿಯೂ ಇಂಚಿಗೆ 100 ಪಿಕ್ಸೆಲ್ ಕೊಡುತ್ತದೆ, ಸುತ್ತ ಅಗಲವಾದ ಬಿಳಿ ಮೌಂಟ್ ಹಾಕಿದರೆ ಫ್ರೇಮು ದೊಡ್ಡದಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಮಾಡಿ ಮುಗಿದ ಫೋಟೊವನ್ನು ಪ್ರಿಂಟ್ ಲ್ಯಾಬಿಗೆ ಕಳಿಸುವಾಗ ಅವಸರದಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿಬಿಡುವುದುಂಟು. ಹಸಿರು ಸೀರೆ ಅಲ್ಲಿ ಮತ್ತೆ ಅದೇ ದಾರಿ ಹಿಡಿಯುತ್ತದೆ, ಈ ಸಲ ಕತ್ತಿನ ಮೇಲೆ ಹರಡುವುದು ಹಸಿರು. ಲ್ಯಾಬಿಗೂ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಟ್ಟು ಬನ್ನಿ.