ಹಾಲಿನಲ್ಲಿ ಕುಳಿತ ಮದುಮಕ್ಕಳು

‘ಮದುಮಕ್ಕಳು ಹಾಲಿನಲ್ಲಿ ಕುಳಿತಿದ್ದಾರೆ’ ಎಂದು ಓದುವಾಗ ನಾವ್ಯಾರೂ ತಡವರಿಸುವುದಿಲ್ಲ. ಅದು ಛತ್ರದ ಹಾಲ್. ಬಾಯಿ ತಾನಾಗಿ ತುಸು ದುಂಡಗಾಗಿ, ‘ಆ’ಗೂ ‘ಓ’ಗೂ ನಡುವಿನ ಸ್ವರ ಹೊರಡುತ್ತದೆ. ‘ಹಾಲಿನಲ್ಲಿ ಸಕ್ಕರೆ ಕಡಿಮೆ’ ಎನ್ನುವಾಗ ಅದೇ ಅಕ್ಷರಗಳಿಗೆ ಅಚ್ಚ ಕನ್ನಡದ ‘ಆ’. ಬರಹವನ್ನು ಗಟ್ಟಿಯಾಗಿ ಓದುವ ಕಂಪ್ಯೂಟರಿಗೆ ಇವೆರಡೂ ಒಂದೇ ಪದ. ಹಾಗಾಗಿ ಮದುಮಕ್ಕಳನ್ನು ಅದು ನಿಸ್ಸಂಕೋಚವಾಗಿ ಪಾತ್ರೆಯೊಳಗೆ ಕೂರಿಸಿಬಿಡುತ್ತದೆ.

ದನಿ ಹುಟ್ಟಿಸುವ ಮೊದಲು ಯಂತ್ರವು ಅಕ್ಷರಗಳನ್ನು ಧ್ವನಿಗಳ ಸಾಲಾಗಿ ಬದಲಿಸಿಕೊಳ್ಳಬೇಕು. ಈ ಹಂತಕ್ಕೆ ಗ್ರಾಫೀಮ್-ಟು-ಫೋನೀಮ್ ಎಂದು ಹೆಸರು. ಈ ಕೆಲಸ ಮಾಡುವವರ ಬಾಯಲ್ಲಿ ಅದು ಜಿ-ಟು-ಪಿ. ಇಂಗ್ಲಿಷಿನಲ್ಲಿ ಇದು ದೊಡ್ಡ ತಲೆನೋವು. though, through, tough ಮೂರರಲ್ಲೂ ಇರುವ ough ಮೂರು ಬಗೆಯಾಗಿ ಉಲಿಯುತ್ತದೆ. ಅದಕ್ಕೇ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು CMUdict ಎಂಬ ಉಚ್ಚಾರಣಾ ಕೋಶ ಕಟ್ಟಿದರು. ಅದರಲ್ಲಿ 1,30,000ಕ್ಕೂ ಹೆಚ್ಚು ಪದಗಳಿವೆ. ಅವೆಲ್ಲವನ್ನೂ 39 ಧ್ವನಿಗಳಲ್ಲಿ ಬಿಡಿಸಿ ಬರೆದಿದ್ದಾರೆ. ಅರ್ಥದ ಗೊಡವೆ ಆ ಕೋಶಕ್ಕಿಲ್ಲ.

ಕೋಶದಲ್ಲಿಲ್ಲದ ಪದ ಬಂದರೆ ಊಹೆಯೇ ಗತಿ. ಕೋಶದ ಪದಗಳಲ್ಲಿ ಯಾವ ಅಕ್ಷರಕ್ಕೆ, ಅಕ್ಕಪಕ್ಕ ಏನಿದ್ದಾಗ, ಯಾವ ಧ್ವನಿ ಬಂದಿದೆ ಎಂದು ಪ್ರೋಗ್ರಾಂ ಕಲಿತು ಹೊಸ ಪದಕ್ಕೆ ಅದನ್ನೇ ಹೊಂದಿಸುತ್ತದೆ. ಒಳ್ಳೆಯ ಪ್ರೋಗ್ರಾಂಗಳೂ ಈ ಕೋಶದಿಂದ ಬದಿಗಿರಿಸಿದ ಪದಗಳ ಮೇಲೆ 100 ಧ್ವನಿಗಳಲ್ಲಿ ಐದಾರನ್ನು ತಪ್ಪುತ್ತವೆ. ಕೇಳಲು ಇದು ಚಿಕ್ಕದೆನಿಸುತ್ತದೆ. ಆದರೆ ಒಂದು ಪದದಲ್ಲಿ ಐದಾರು ಧ್ವನಿಗಳಿರುತ್ತವಲ್ಲ! ಪದಗಳ ಲೆಕ್ಕಕ್ಕೆ ಬಂದರೆ ನಾಲ್ಕೈದರಲ್ಲಿ ಒಂದು ಎಲ್ಲೋ ಒಂದು ಕಡೆ ಕೆಟ್ಟಿರುತ್ತದೆ.

ಬರೆದಂತೆ ಓದುವ ನಮ್ಮ ಕನ್ನಡಕ್ಕೆ ಈ ರಗಳೆ ಏಕೆ ಎಂದು ಕೇಳಬಹುದು. ಆ ಹೆಮ್ಮೆ ಬಹುಮಟ್ಟಿಗೆ ನ್ಯಾಯವಾದದ್ದೇ. ‘ಅಂಕ’, ‘ಅಂಟು’, ‘ಅಂಬು’ಗಳಲ್ಲಿ ಒಂದೇ ಸೊನ್ನೆ ಮೂರು ಬಗೆಯ ಅನುನಾಸಿಕವಾದರೂ, ಮುಂದಿನ ವ್ಯಂಜನದ ವರ್ಗ ನೋಡಿದರೆ ಉತ್ತರ ಸಿಗುತ್ತದೆ. ಅದಕ್ಕೆ ಕೋಶ ಬೇಡ, ಪುಟ್ಟದೊಂದು ನಿಯಮ ಸಾಕು. ನಿಯಮ ಕೈಕೊಡುವುದು ಇಂಗ್ಲಿಷಿನಿಂದ ಬಂದ ಪದಗಳಲ್ಲಿ. ‘ವ್ಯಾಪಾರ’, ‘ನ್ಯಾಯ’ಗಳಲ್ಲಿ ಯಕಾರದ ಒತ್ತಿಗೆ ಯಕಾರದ್ದೇ ಸದ್ದಿದೆ. ‘ಬ್ಯಾಂಕು’, ‘ಟ್ಯಾಕ್ಸಿ’ಗಳಲ್ಲಿ ಅದು ಯಕಾರವೇ ಅಲ್ಲ, ಕನ್ನಡ ಲಿಪಿಯಲ್ಲಿ ಚಿಹ್ನೆಯಿಲ್ಲದ ಸ್ವರವೊಂದಕ್ಕೆ ನಾವು ಮಾಡಿಕೊಂಡ ಹೊಂದಾಣಿಕೆ. ‘ಕಾಲು’ ಮತ್ತು ‘ಕಾಲೇಜು’, ‘ಫಲ’ ಮತ್ತು ‘ಫೋನು’ ಇವೂ ಹೀಗೆಯೇ. ಅಕ್ಷರ ಒಂದು, ಸದ್ದು ಎರಡು.

ಹಾಗಾದರೆ ಕೋಶಕ್ಕೆ ಸೇರಿಸೋಣ. ಇದಕ್ಕೆಂದೇ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಒಂದು ನಮೂನೆ ಗೊತ್ತುಪಡಿಸಿದೆ. ಅದರಲ್ಲಿ ‘ಹಾಲ್’ ಪದದ ನಮೂದು ಹೀಗಿರುತ್ತದೆ:

```xml
<lexeme>
  <grapheme>ಹಾಲ್</grapheme>
  <phoneme>hɔːl</phoneme>
</lexeme>
```

ಮೇಲಿನ ಸಾಲಿನಲ್ಲಿ ಬರಹ, ಕೆಳಗಿನದರಲ್ಲಿ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಉಚ್ಚಾರಣೆ. ಇಷ್ಟು ಬರೆದರೂ ಮದುಮಕ್ಕಳಿಗೆ ಬಿಡುಗಡೆಯಿಲ್ಲ. ಕೋಶದಲ್ಲಿರುವುದು ‘ಹಾಲ್’, ವಾಕ್ಯದಲ್ಲಿರುವುದು ‘ಹಾಲಿನಲ್ಲಿ’. ಹಾಲಿಗೆ, ಹಾಲಿನಿಂದ, ಹಾಲುಗಳಲ್ಲೂ ಎಂದು ಪ್ರತ್ಯಯ ಹತ್ತುವ ಎಲ್ಲ ರೂಪಗಳನ್ನೂ ಬರೆದಿಡುತ್ತ ಹೋದರೆ ಮುಗಿಯುವುದಿಲ್ಲ. ಆದ್ದರಿಂದ ಕೋಶದಲ್ಲಿ ಪ್ರಕೃತಿಯನ್ನಷ್ಟೇ ಇಟ್ಟು, ಪ್ರತ್ಯಯ ಬಿಡಿಸುವ ಪ್ರೋಗ್ರಾಂ ಒಂದನ್ನು ಜೊತೆಗೆ ಕೊಡಬೇಕು. ಬಿಡಿಸದೆ ಬರೀ ಮೊದಲ ಅಕ್ಷರಗಳನ್ನು ಹೋಲಿಸಿದರೆ ಕ್ರಿಕೆಟ್ಟಿನ ‘ಬಾಲ್’ ಬಂದು ‘ಬಾಲಿಕೆ’ಯ ಉಚ್ಚಾರವನ್ನೂ ಕೆಡಿಸುತ್ತದೆ. ಬಿಡಿಸಿದರೂ ‘ಹಾಲಿನಲ್ಲಿ’ಗೆ ‘ಹಾಲ್’, ‘ಹಾಲು’ ಎಂಬ ಎರಡು ಮೂಲಗಳು ಉಳಿಯುತ್ತವೆ. ಸುತ್ತಲಿನ ‘ಕುಳಿತಿದ್ದಾರೆ’, ‘ಸಕ್ಕರೆ’ಯಂಥ ಪದಗಳನ್ನು ನೋಡಿಯೇ ಒಂದನ್ನು ಆರಿಸಬೇಕು.

ಈಚಿನ ಹಲವು ವ್ಯವಸ್ಥೆಗಳು ಕೋಶವನ್ನೇ ಬಿಟ್ಟು, ಗಂಟೆಗಟ್ಟಲೆ ಧ್ವನಿಮುದ್ರಣದಿಂದ ಅಕ್ಷರಕ್ಕೂ ಸದ್ದಿಗೂ ನೇರ ನಂಟು ಕಲಿಯುತ್ತವೆ. ಮುದ್ರಣದಲ್ಲಿ ಮತ್ತೆ ಮತ್ತೆ ಬಂದ ಪದಗಳನ್ನು ಅವು ಸೊಗಸಾಗಿಯೇ ಹೇಳುತ್ತವೆ. ಅಪರೂಪದ ಪದದಲ್ಲಿ ಎಡವಿದಾಗ ಮಾತ್ರ ತಿದ್ದಲು ಕೈಗೆಟಕುವ ಜಾಗವಿರುವುದಿಲ್ಲ. ಹೊಸ ಮುದ್ರಣ ಮಾಡಿ ಮತ್ತೆ ಕಲಿಸಬೇಕು. ಕೋಶವಿದ್ದರೆ ಒಂದು ಸಾಲು ಸೇರಿಸಿದರಾಯಿತು. ನನಗಂತೂ ಕೋಶದ ದಾರಿಯೇ ಮೇಲೆನಿಸುತ್ತದೆ.

ತಪ್ಪು ಹುಡುಕಲು ದನಿಯನ್ನು ದಿನವಿಡೀ ಕೇಳುತ್ತ ಕೂರಬೇಕಿಲ್ಲ. ಪತ್ರಿಕೆಗಳ ಬರಹದಿಂದ ‘ಫ’ ಇರುವ ಪದಗಳನ್ನೂ ಯಕಾರದ ಒತ್ತಿನ ಮೇಲೆ ದೀರ್ಘವಿರುವ ಪದಗಳನ್ನೂ ಹೆಕ್ಕಿ, ಯಂತ್ರ ಕೊಟ್ಟ ಧ್ವನಿಸಾಲಿನ ಮೇಲೆ ಕಣ್ಣಾಡಿಸಿದರೆ ಬಹಳಷ್ಟು ಸಿಕ್ಕಿಬೀಳುತ್ತವೆ. ‘ಬ್ರಹ್ಮ’ದಂಥವು ಮಾತ್ರ ಹೀಗೆ ಬಗೆಹರಿಯುವುದಿಲ್ಲ. ಬರಹದಲ್ಲಿ ಹಕಾರ ಮೊದಲು, ಹೆಚ್ಚಿನವರ ಬಾಯಲ್ಲಿ ಮಕಾರ ಮೊದಲು. ಕೋಶ ಮಾಡುವವರು ಅಲ್ಲಿ ಯಾರ ಬಾಯಿಯನ್ನು ಅನುಸರಿಸುತ್ತೇವೆಂದು ತೀರ್ಮಾನಿಸಿಯೇ ಮುಂದಿನ ಪದಕ್ಕೆ ಹೋಗಬೇಕು.