ಕಾಫಿ ಹುರಿಯುವ ಡ್ರಮ್ಮಿನಲ್ಲಿ ಹಿಂದೆ ಬೀಳುವ ಥರ್ಮೊಕಪಲ್

ಥರ್ಮೊಕಪಲ್ ಹೇಳುವುದು ತನ್ನ ತುದಿ ಎಷ್ಟು ಬಿಸಿಯಾಗಿದೆ ಎಂಬುದನ್ನು ಮಾತ್ರ. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಒಂದು ಕಡೆ ಬೆಸೆದು ಆ ಬೆಸುಗೆಯನ್ನು ಬಿಸಿ ಮಾಡಿದರೆ, ತಣ್ಣಗಿರುವ ಇನ್ನೊಂದು ಕಡೆಯಲ್ಲಿ ಅತಿ ಸಣ್ಣ ವೋಲ್ಟೇಜ್ ಕಾಣಿಸುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಗುರುತಿಸಿದ ಪರಿಣಾಮವೇ ಇದಕ್ಕೆ ಆಧಾರ. ಎಲ್ಲೆಡೆ ಬಳಕೆಯಲ್ಲಿರುವ ‘ಕೆ’ ಮಾದರಿಯ ಥರ್ಮೊಕಪಲ್‌ನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೊವೋಲ್ಟ್ ಸಿಗುತ್ತದೆ. ಮೀಟರು ಅದನ್ನೇ ಡಿಗ್ರಿಗೆ ಪರಿವರ್ತಿಸಿ ತೋರಿಸುತ್ತದೆ. ವಿದ್ಯುತ್ತಿನ ಈ ಕೆಲಸ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ತಡವಾಗುವುದು ಅದಕ್ಕೂ ಮೊದಲು, ಸುತ್ತಲಿನ ಶಾಖ ಲೋಹದ ತುದಿಯೊಳಗೆ ಇಳಿಯುವಾಗ.

ಈ ತಡದ ಪರಿಣಾಮ ಎದ್ದು ಕಾಣುವ ಜಾಗಗಳಲ್ಲಿ ಕಾಫಿ ಬೀಜ ಹುರಿಯುವ ಯಂತ್ರವೂ ಒಂದು. ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದೇ. ಇತ್ತೀಚೆಗೆ ಸಣ್ಣ ಡ್ರಮ್ ರೋಸ್ಟರ್ ಇಟ್ಟುಕೊಂಡು ತಮ್ಮ ತೋಟದ ಬೀಜವನ್ನು ತಾವೇ ಹುರಿಯುವವರೂ ಇದ್ದಾರೆ. ಇಂಥ ಯಂತ್ರದಲ್ಲಿ ತಿರುಗುವ ಡ್ರಮ್ಮಿನ ಬೀಜಗಳ ನಡುವೆ ಸ್ಟೀಲ್ ಕವಚದ ಥರ್ಮೊಕಪಲ್ ಪ್ರೋಬ್ ಇರುತ್ತದೆ. ಹುರಿಯುವವರು ಅದರ ಅಂಕಿ ನೋಡಿ ಗ್ಯಾಸ್ ಏರಿಸುತ್ತಾರೆ, ಇಳಿಸುತ್ತಾರೆ, ಕೊನೆಗೆ ಬೀಜವನ್ನು ತಣಿಸುವ ತಟ್ಟೆಗೆ ಸುರಿಯುತ್ತಾರೆ. ಹುರಿಯುವ ಹತ್ತು ಹನ್ನೆರಡು ನಿಮಿಷಗಳಲ್ಲಿ ಬೀಜದ ತಾಪಮಾನ ಒಂದೆಡೆ ನಿಲ್ಲುವುದೇ ಇಲ್ಲ, ಏರುತ್ತಲೇ ಇರುತ್ತದೆ. ಆದ್ದರಿಂದ ಆ ಅಂಕಿ ಒಂದು ಕ್ಷಣ ಬಿಟ್ಟರೆ ಉಳಿದೆಲ್ಲ ಹೊತ್ತೂ ನಿಜ ತಾಪಮಾನದಿಂದ ದೂರವೇ ಇರುತ್ತದೆ.

ತಡದ ಲೆಕ್ಕ ಸರಳ. ಪ್ರೋಬಿನ ತುದಿಗೆ ಒಂದು ಸೆಕೆಂಡಿಗೆ ಹರಿದುಬರುವ ಶಾಖ, ಸುತ್ತಲಿನ ತಾಪಮಾನಕ್ಕೂ ತುದಿಯ ತಾಪಮಾನಕ್ಕೂ ಇರುವ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಅಂತರ ದೊಡ್ಡದಿದ್ದರೆ ತುದಿ ಬೇಗ ಬಿಸಿಯಾಗುತ್ತದೆ, ಅಂತರ ಕುಗ್ಗಿದಂತೆ ನಿಧಾನವಾಗುತ್ತದೆ. ನ್ಯೂಟನ್ನನ ತಂಪಾಗುವಿಕೆಯ ನಿಯಮದ ಹಿಂದಿರುವ ಭೌತವಿಜ್ಞಾನವೂ ಇದೇ. ಬದಲಾವಣೆಯ ವೇಗವನ್ನು ಆ ಕ್ಷಣದ ಅಂತರವೊಂದೇ ನಿರ್ಧರಿಸುವ ವ್ಯವಸ್ಥೆಯನ್ನು ಪ್ರಥಮ ಕ್ರಮದ ವ್ಯವಸ್ಥೆ ಎನ್ನುತ್ತಾರೆ. ಅದರ ನಡವಳಿಕೆಯನ್ನೆಲ್ಲ ಹೇಳಲು ಕಾಲ ಸ್ಥಿರಾಂಕ ಎಂಬ ಒಂದು ಸಂಖ್ಯೆ ಸಾಕು:

τ = m c / (h A)

ಇಲ್ಲಿ m ತುದಿಯ ದ್ರವ್ಯರಾಶಿ, c ಅದರ ವಿಶಿಷ್ಟ ಉಷ್ಣ, A ಅದರ ಮೇಲ್ಮೈ, h ಸುತ್ತಲಿನಿಂದ ತುದಿಗೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದರ ಅಳತೆ. ತಣ್ಣಗಿನ ಪ್ರೋಬನ್ನು ಒಂದೇ ಮಟ್ಟದಲ್ಲಿರುವ ಬಿಸಿಯೊಳಗೆ ಇಟ್ಟರೆ, ಒಂದು τ ಕಳೆಯುವ ಹೊತ್ತಿಗೆ ಅದು ಮೊದಲಿನ ಅಂತರದ ಶೇ 63ರಷ್ಟನ್ನು ಕ್ರಮಿಸಿರುತ್ತದೆ. ಮೂರು τ ಆದಾಗ ಶೇ 95, ಐದು ಆದಾಗ ಶೇ 99ಕ್ಕಿಂತ ಹೆಚ್ಚು.

ಸೂತ್ರದ ಕೆಳಭಾಗದಲ್ಲಿರುವ h ಅನ್ನು ಗಮನಿಸಬೇಕು. ಅದು ಪ್ರೋಬಿಗೆ ಸೇರಿದ ಗುಣವಲ್ಲ, ಪ್ರೋಬ್ ಇರುವ ಜಾಗಕ್ಕೆ ಸೇರಿದ್ದು. ಕವಚವಿಲ್ಲದ, ಒಂದು ಮಿಲಿಮೀಟರ್ ವ್ಯಾಸದ ಬೆಸುಗೆ ಗುಂಡಿಗೆ ನಿಶ್ಚಲ ಗಾಳಿಯಲ್ಲಿ τ ಸುಮಾರು 14 ಸೆಕೆಂಡ್ ಬರುತ್ತದೆ. ಅದೇ ಗುಂಡನ್ನು ಕಲಕುತ್ತಿರುವ ನೀರಿನಲ್ಲಿ ಇಟ್ಟರೆ ಕಾಲು ಸೆಕೆಂಡೂ ಆಗುವುದಿಲ್ಲ. ಅಂಗಡಿಯವರು ಕೊಡುವ ‘ರೆಸ್ಪಾನ್ಸ್ ಟೈಮ್’ ಅಂಕಿಯನ್ನು ಯಾವುದರೊಳಗೆ ಅಳೆದರು ಎಂದು ತಿಳಿಯದಿದ್ದರೆ ಆ ಅಂಕಿಯಿಂದ ಪ್ರಯೋಜನವಿಲ್ಲ. ನೀರಿನಲ್ಲಿ ಅಳೆದ ಅಂಕಿ ಬೀಜ ಮತ್ತು ಬಿಸಿಗಾಳಿ ತುಂಬಿದ ಡ್ರಮ್ಮಿಗೆ ಒಪ್ಪುವುದಿಲ್ಲ.

ಇನ್ನು ಏರುವ ತಾಪಮಾನದ ವಿಷಯ. ಬೀಜ ನಿಮಿಷಕ್ಕೆ 10 ಡಿಗ್ರಿಯಂತೆ ಒಂದೇ ಸಮನೆ ಬಿಸಿಯಾಗುತ್ತಿದೆ, ಪ್ರೋಬಿನ τ 30 ಸೆಕೆಂಡ್, ಅಂದರೆ ಅರ್ಧ ನಿಮಿಷ ಎಂದಿಟ್ಟುಕೊಳ್ಳೋಣ. ಮೊದಲಿಗೆ ಬೀಜವೂ ಪ್ರೋಬೂ ಒಂದೇ ತಾಪಮಾನದಲ್ಲಿದ್ದರೆ, ಅವುಗಳ ನಡುವೆ ಅಂತರವಿಲ್ಲ, ಹಾಗಾಗಿ ಪ್ರೋಬ್ ಏರುವುದೂ ಇಲ್ಲ. ಬೀಜ ಮುಂದೆ ಹೋಗುತ್ತದೆ, ಅಂತರ ಹುಟ್ಟುತ್ತದೆ, ಪ್ರೋಬ್ ನಿಧಾನವಾಗಿ ಏರತೊಡಗುತ್ತದೆ. ಅಂತರ ಬೆಳೆದಷ್ಟೂ ಪ್ರೋಬಿನ ವೇಗವೂ ಬೆಳೆಯುತ್ತದೆ. ಅಂತರ 2 ಡಿಗ್ರಿ ಇದ್ದಾಗ ಅದು ನಿಮಿಷಕ್ಕೆ 4 ಡಿಗ್ರಿಯಂತೆ ಏರುತ್ತದೆ. ಅದು ಸಾಲದು, ಬೀಜ ಇನ್ನೂ ದೂರ ಸರಿಯುತ್ತದೆ. ಅಂತರ 5 ಡಿಗ್ರಿಯಾದಾಗ ಪ್ರೋಬಿನ ವೇಗವೂ ನಿಮಿಷಕ್ಕೆ 10 ಡಿಗ್ರಿಯಾಗುತ್ತದೆ. ಈಗ ಎರಡರ ವೇಗವೂ ಒಂದೇ. ಅಂತರ ಇನ್ನು ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ತಾಪಮಾನ ಏರುವ ವೇಗವನ್ನು R ಎಂದು ಕರೆದರೆ ಈ ಸ್ಥಿರ ದೋಷ R × τ, ಇಲ್ಲಿ 10 × 0.5 = 5 ಡಿಗ್ರಿ. ನಾಲ್ಕೈದು τ ಕಳೆಯುವ ಹೊತ್ತಿಗೆ, ಅಂದರೆ ಎರಡೂವರೆ ನಿಮಿಷದೊಳಗೆ, ದೋಷ ಈ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಇದರ ಅರ್ಥ, ಮೀಟರು ತೋರಿಸುತ್ತಿರುವುದು ಬೀಜ 30 ಸೆಕೆಂಡ್ ಹಿಂದೆ ಇದ್ದ ತಾಪಮಾನವನ್ನು. ಗ್ರಾಫಿನಲ್ಲಿ ಪ್ರೋಬಿನ ಗೆರೆ ಬೀಜದ ಗೆರೆಗೆ ಸಮಾನಾಂತರವಾಗಿ, ಅರ್ಧ ನಿಮಿಷ ಬಲಕ್ಕೆ ಸರಿದಂತೆ ಇರುತ್ತದೆ. ಅಪಾಯ ಇರುವುದೂ ಇಲ್ಲೇ. ಗೆರೆಯ ಓರೆ ಪೂರ್ತಿ ಸರಿಯಾಗಿರುವುದರಿಂದ ಪರದೆಯ ಮೇಲೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಪ್ರೋಬನ್ನು ಹೊರತೆಗೆದು ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ. ಕರಗುವ ಮಂಜುಗಡ್ಡೆಯಲ್ಲಿ ಸೊನ್ನೆ ತೋರಿಸುತ್ತದೆ, ಬೆಂಗಳೂರಿನ ಎತ್ತರದಲ್ಲಿ ಕುದಿಯುವ ನೀರಿನಲ್ಲಿ ಸುಮಾರು 97 ತೋರಿಸುತ್ತದೆ. ಎರಡೂ ಸರಿಯೇ. ನಿಂತ ತಾಪಮಾನದಲ್ಲಿ R ಸೊನ್ನೆ, ಹಾಗಾಗಿ ಈ ದೋಷವೂ ಸೊನ್ನೆ. ನಿಂತ ತಾಪಮಾನದಲ್ಲೂ ಉಳಿಯುವ ತಪ್ಪು, ಉದಾಹರಣೆಗೆ ಕವಚದ ಮೂಲಕ ಶಾಖ ಹೊರಗೆ ಸೋರಿ ಬರುವ ತಪ್ಪು, ಬೇರೆಯೇ ಜಾತಿಯದು. ಅದನ್ನು ಬೇರೆಯಾಗಿಯೇ ನೋಡಬೇಕು.

ಹುರಿಯುವವರೆಲ್ಲ ದಿನವೂ ನೋಡುವ ಒಂದು ದೃಶ್ಯಕ್ಕೆ ಈ ಲೆಕ್ಕ ವಿವರಣೆ ಕೊಡುತ್ತದೆ. 200 ಡಿಗ್ರಿಗೆ ಕಾದ ಡ್ರಮ್ಮಿಗೆ 25 ಡಿಗ್ರಿಯ ಹಸಿ ಬೀಜ ಸುರಿದ ಕೂಡಲೇ ಪ್ರೋಬಿನ ಅಂಕಿ ಬೀಳತೊಡಗುತ್ತದೆ. ಒಂದು ನಿಮಿಷ ಕಳೆಯುವ ಹೊತ್ತಿಗೆ ತಳ ಮುಟ್ಟಿ ಮತ್ತೆ ಏರುತ್ತದೆ. ಈ ತಿರುವನ್ನು ‘ಟರ್ನಿಂಗ್ ಪಾಯಿಂಟ್’ ಎನ್ನುತ್ತಾರೆ. ಬೀಜ ಅಲ್ಲಿಯವರೆಗೆ ತಣ್ಣಗಾಗುತ್ತಿತ್ತು ಎಂದು ಭಾವಿಸುವುದು ತಪ್ಪು. ಬೀಜ ಮೊದಲ ಸೆಕೆಂಡಿನಿಂದಲೂ ಬಿಸಿಯಾಗುತ್ತಲೇ ಇರುತ್ತದೆ. ಬಿದ್ದದ್ದು ಪ್ರೋಬಿನ ಸ್ವಂತ ತಾಪಮಾನ. ಆರಂಭದಲ್ಲಿ ಬೀಜ ನಿಮಿಷಕ್ಕೆ 40 ಡಿಗ್ರಿಯಂತೆ ಏರುತ್ತದೆ, τ ಅರ್ಧ ನಿಮಿಷ ಎಂದುಕೊಂಡು ಸಮೀಕರಣ ಬಿಡಿಸಿದರೆ, ತಿರುವು ಬರುವುದು ಸುಮಾರು 68ನೇ ಸೆಕೆಂಡಿನಲ್ಲಿ, 70 ಡಿಗ್ರಿಯ ಸುಮಾರಿಗೆ. ಆ ಕ್ಷಣದಲ್ಲಿ ಪ್ರೋಬ್ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಹಾಗಿರಬೇಕಾದರೆ ಸುತ್ತಲಿನ ಬೀಜಕ್ಕೂ ಅದಕ್ಕೂ ಅಂತರವೇ ಇರಬಾರದು. ಇಡೀ ಹುರಿತದಲ್ಲಿ ಪ್ರೋಬ್ ನಿಜ ಹೇಳುವ ಆ ಒಂದು ಕ್ಷಣ ಇದೇ. ಅದಕ್ಕೂ ಮೊದಲು ಅಂಕಿ ನಿಜಕ್ಕಿಂತ ಮೇಲಿತ್ತು, ಆಮೇಲೆ ಕೊನೆಯವರೆಗೂ ಕೆಳಗಿರುತ್ತದೆ. ನಿಜ ಯಂತ್ರದಲ್ಲಿ ಪ್ರೋಬಿಗೆ ಬೀಜದ ಜೊತೆಗೆ ಬಿಸಿಗಾಳಿಯೂ ತಾಗುವುದರಿಂದ ಅಂಕಿಗಳು ಸ್ವಲ್ಪ ಬದಲಾಗುತ್ತವೆ, ಆದರೆ ನಡೆಯುವ ಕ್ರಮ ಇದೇ.

ತಿರುವಿನ ನಂತರ ಏರಿಕೆಯ ವೇಗ ಕ್ರಮೇಣ ತಗ್ಗುತ್ತದೆ, ಅದರ ಜೊತೆಗೆ ದೋಷವೂ ತಗ್ಗುತ್ತದೆ. ನಿಮಿಷಕ್ಕೆ 20 ಡಿಗ್ರಿ ಏರುವಾಗ 10 ಡಿಗ್ರಿ, 6 ಡಿಗ್ರಿ ಏರುವಾಗ 3 ಡಿಗ್ರಿ. ಬೀಜದೊಳಗಿನ ಆವಿಯ ಒತ್ತಡಕ್ಕೆ ಬೀಜ ಚಟಪಟ ಸಿಡಿಯುವ ಹಂತ ಸುಮಾರು 196 ಡಿಗ್ರಿಯಲ್ಲಿ ಬರುತ್ತದೆ ಎಂದು ಇಟ್ಟುಕೊಂಡರೆ, ನಿಮಿಷಕ್ಕೆ 10 ಡಿಗ್ರಿಯಂತೆ ಹುರಿದಾಗ ಮೀಟರು ಆ ಹೊತ್ತಿಗೆ 191 ಎನ್ನುತ್ತದೆ, 6 ಡಿಗ್ರಿಯಂತೆ ಹುರಿದಾಗ 193 ಎನ್ನುತ್ತದೆ. ಬೀಜ ಬದಲಾಗಿಲ್ಲ, ಪ್ರೋಬೂ ಬದಲಾಗಿಲ್ಲ. ಡ್ರಮ್ಮನ್ನು ಅರ್ಧ ಮಾತ್ರ ತುಂಬಿದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಪ್ರೋಬಿನ ತುದಿ ಬೀಜದೊಳಗೆ ಪೂರ್ತಿ ಮುಳುಗದೆ h ಕುಸಿಯುತ್ತದೆ, τ ಬೆಳೆಯುತ್ತದೆ, ಅಂಕಿ ಇನ್ನಷ್ಟು ಹಿಂದೆ ಬೀಳುತ್ತದೆ.

τ ಅನ್ನು ಯಂತ್ರದಲ್ಲೇ ಅಳೆಯಬೇಕು. ಗ್ಯಾಸನ್ನು ಸಣ್ಣಗೆ ಇಟ್ಟು ಬೀಜವನ್ನು, ಉದಾಹರಣೆಗೆ, 125 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲಿಸಬೇಕು. ಆಮೇಲೆ ಪ್ರೋಬನ್ನು ಹೊರಗೆಳೆದು 25 ಡಿಗ್ರಿಗೆ ತಣಿಯಲು ಬಿಟ್ಟು ಮತ್ತೆ ಒಳಗೆ ತೂರಿಸಬೇಕು. ಅಂತರ 100 ಡಿಗ್ರಿ, ಅದರ ಶೇ 63 ಎಂದರೆ 63 ಡಿಗ್ರಿ. ಅಂಕಿ 88 ಮುಟ್ಟಲು ಹಿಡಿದ ಸೆಕೆಂಡುಗಳೇ τ. ಇದು ಆಗದಿದ್ದರೆ ದಪ್ಪ ಮತ್ತು ತೆಳು ಪ್ರೋಬುಗಳೆರಡನ್ನು ಅಕ್ಕಪಕ್ಕದಲ್ಲಿಟ್ಟು ಹುರಿದು ನೋಡಬಹುದು. ನಿಮಿಷಕ್ಕೆ 10 ಡಿಗ್ರಿ ಏರಿಕೆಯಲ್ಲಿ ಅವೆರಡರ ನಡುವೆ 4 ಡಿಗ್ರಿ ವ್ಯತ್ಯಾಸ ಕಂಡರೆ, ಅವುಗಳ τ ನಡುವಿನ ವ್ಯತ್ಯಾಸ 24 ಸೆಕೆಂಡ್.

ಕವಚ, ಅದರೊಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಒಳಗಿನ ಬೆಸುಗೆ ಹೀಗೆ ಪದರಗಳಿರುವ ಪ್ರೋಬ್ ಕಟ್ಟುನಿಟ್ಟಾಗಿ ಪ್ರಥಮ ಕ್ರಮದ್ದಲ್ಲ. ಒಂದೊಂದು ಪದರವೂ ತನ್ನ ತಡವನ್ನು ಸೇರಿಸುತ್ತದೆ. ಆದರೂ ಸಮವಾಗಿ ಏರುವ ತಾಪಮಾನಕ್ಕೆ ಸೂತ್ರ ಕೆಡುವುದಿಲ್ಲ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ತಡಗಳ ಮೊತ್ತವೇ.

τ ಗೊತ್ತಾದ ಮೇಲೆ ಅಂಕಿಯನ್ನು ತಿದ್ದಬಹುದು. ಪ್ರೋಬಿನ ಅಂಕಿಗೆ τ × (ಪ್ರೋಬಿನ ಏರಿಕೆಯ ವೇಗ) ಕೂಡಿಸಿದರೆ ನಿಜ ತಾಪಮಾನ ಸಿಗುತ್ತದೆ. ಏರಿಕೆಯ ವೇಗ ಬದಲಾಗುತ್ತಿದ್ದರೂ ಇದು ಸಲ್ಲುತ್ತದೆ. ಆದರೆ ಸೆಕೆಂಡಿನಿಂದ ಸೆಕೆಂಡಿಗೆ ಅಂಕಿ 0.1 ಡಿಗ್ರಿ ನಡುಗಿದರೂ τ 30 ಸೆಕೆಂಡ್ ಇರುವಲ್ಲಿ ತಿದ್ದುಪಡಿ 3 ಡಿಗ್ರಿ ನಡುಗುತ್ತದೆ. ನಡುಕ ತಪ್ಪಿಸಲು ಕಳೆದ 20 ಸೆಕೆಂಡುಗಳ ಸರಾಸರಿ ತೆಗೆದುಕೊಂಡರೆ ಅದೇ ಇನ್ನೂ 10 ಸೆಕೆಂಡ್ ತಡ ತರುತ್ತದೆ. ಆದ್ದರಿಂದ τ ಅನ್ನೇ ಚಿಕ್ಕದು ಮಾಡುವುದು ಮೊದಲ ದಾರಿಯಾಗಬೇಕು. ಕವಚದ ವ್ಯಾಸ 6 ಮಿಲಿಮೀಟರಿನಿಂದ 3ಕ್ಕೆ ಇಳಿದರೆ ದ್ರವ್ಯರಾಶಿ ಮತ್ತು ಮೇಲ್ಮೈಯ ಅನುಪಾತ ಅರ್ಧವಾಗುತ್ತದೆ, ತಡ ಕನಿಷ್ಠ ಅಷ್ಟಾದರೂ ಇಳಿಯುತ್ತದೆ. ತೀರ ತೆಳುವಾದರೆ ಉರುಳುವ ಬೀಜಗಳ ಹೊಡೆತಕ್ಕೆ ಪ್ರೋಬ್ ಬಾಗುತ್ತದೆ, ಹಾಗಾಗಿ ಡ್ರಮ್ಮಿನೊಳಗೆ ಇದಕ್ಕೊಂದು ಮಿತಿ ಇದೆ.

ಹುರಿತದ ಪ್ರೊಫೈಲನ್ನು ಬೇರೆಯವರಿಗೆ ಕೊಡುವವರು ತಾಪಮಾನದ ಪಟ್ಟಿಯ ಜೊತೆಗೆ ಪ್ರೋಬಿನ ವ್ಯಾಸ, ಅದು ಬೀಜದೊಳಗೆ ಮುಳುಗಿದ ಆಳ, ಆ ಯಂತ್ರದಲ್ಲೇ ಅಳೆದ τ ಇವನ್ನೂ ಬರೆದುಕೊಡಬೇಕು. ಇವಿಲ್ಲದೆ ಒಂದು ಯಂತ್ರದ 205 ಡಿಗ್ರಿಯನ್ನು ಇನ್ನೊಂದು ಯಂತ್ರದ 205 ಡಿಗ್ರಿಗೆ ಹೋಲಿಸಲು ಬರುವುದಿಲ್ಲ.