ನೂರು ಪೊಸೆಷನ್‌ಗೆ ಎಷ್ಟು ಪಾಯಿಂಟ್?

ಕೊಪ್ಪಳದಲ್ಲೊಂದು ಬ್ಯಾಸ್ಕೆಟ್‌ಬಾಲ್ ಕೂಟ ನಡೆಯಿತು ಅಂದುಕೊಳ್ಳಿ. ಗಂಗಾವತಿ ತಂಡ ಪಂದ್ಯಕ್ಕೆ ಸರಾಸರಿ 68 ಪಾಯಿಂಟ್ ಗಳಿಸಿ 70 ಬಿಟ್ಟುಕೊಟ್ಟಿದೆ. ಕುಷ್ಟಗಿ 56 ಗಳಿಸಿ 54 ಬಿಟ್ಟುಕೊಟ್ಟಿದೆ. ಗಂಗಾವತಿಯದು ಜೋರು ದಾಳಿ, ಕುಷ್ಟಗಿಯದು ಗಟ್ಟಿ ರಕ್ಷಣೆ ಎಂದು ಯಾರಾದರೂ ಹೇಳಿಯಾರು. ಲೆಕ್ಕ ಹಾಕಿದರೆ ಎರಡೂ ತಪ್ಪು.

ಗಂಗಾವತಿಯವರು ಚೆಂಡು ಸಿಕ್ಕ ಕೂಡಲೇ ಓಡುತ್ತಾರೆ. ಕುಷ್ಟಗಿಯವರು 24 ಸೆಕೆಂಡಿನ ಗಡುವು ಮುಗಿಯುವವರೆಗೂ ಪಾಸ್ ಮಾಡುತ್ತಾರೆ. ಅದೇ 40 ನಿಮಿಷದಲ್ಲಿ ಒಬ್ಬರಿಗೆ ಹೆಚ್ಚು ಅವಕಾಶ, ಇನ್ನೊಬ್ಬರಿಗೆ ಕಡಿಮೆ. ಚೆಂಡು ಒಂದು ತಂಡದ ಕೈಗೆ ಬಂದು ಎದುರಾಳಿಯ ಕೈಗೆ ಹೋಗುವವರೆಗಿನ ಸರದಿಯೇ ಪೊಸೆಷನ್. ಕ್ರಿಕೆಟ್ಟಿನ ಸ್ಟ್ರೈಕ್ ರೇಟ್ ನೂರು ಎಸೆತಕ್ಕೆ ರನ್ ಹೇಳಿದಂತೆ, ಇಲ್ಲಿ ನೂರು ಪೊಸೆಷನ್‌ಗೆ ಗಳಿಸಿದ ಪಾಯಿಂಟ್ ಆಫೆನ್ಸಿವ್ ರೇಟಿಂಗ್, ಬಿಟ್ಟುಕೊಟ್ಟದ್ದು ಡಿಫೆನ್ಸಿವ್ ರೇಟಿಂಗ್.

ಪೊಸೆಷನ್ ಅಂದಾಜಿಸುವ ಸೂತ್ರ ಹೀಗಿದೆ:

ಪೊಸೆಷನ್ = ಶಾಟ್ ಯತ್ನ + 0.44 × ಫ್ರೀ ಥ್ರೋ ಯತ್ನ − ಆಫೆನ್ಸಿವ್ ರೀಬೌಂಡ್ + ಟರ್ನೋವರ್

ತಪ್ಪಿದ ಶಾಟನ್ನು ಅದೇ ತಂಡ ಮತ್ತೆ ಹಿಡಿದರೆ ಸರದಿ ಮುಗಿಯುವುದಿಲ್ಲ, ಅದಕ್ಕೇ ಆ ರೀಬೌಂಡ್ ಕಳೆಯುವುದು. ಫ್ರೀ ಥ್ರೋ ಸಾಮಾನ್ಯವಾಗಿ ಜೋಡಿಯಾಗಿ ಬರುವುದರಿಂದ ಒಂದಕ್ಕೆ ಅರ್ಧ ಸರದಿ ಆಗಬೇಕಿತ್ತು. ಆದರೆ ಬುಟ್ಟಿಗೆ ಬಿದ್ದ ಶಾಟ್‌ನ ಜೊತೆಗೆ ಸಿಗುವ ಹೆಚ್ಚುವರಿ ಎಸೆತಕ್ಕೆ ಬೇರೆ ಸರದಿ ಖರ್ಚಾಗದು. ಹಾಗಾಗಿ 0.44. ಇದು ಎನ್‌ಬಿಎ ಆಟದಿಂದ ಬಂದ ಸಂಖ್ಯೆ. ನಮ್ಮ ಪಂದ್ಯಗಳಲ್ಲಿ ತುಸು ಬೇರೆಯಿರಬಹುದು.

ಗಂಗಾವತಿಯದು 70 ಶಾಟ್, 20 ಫ್ರೀ ಥ್ರೋ, 14 ಆಫೆನ್ಸಿವ್ ರೀಬೌಂಡ್, 20 ಟರ್ನೋವರ್ ಇದ್ದರೆ 70 + 8.8 − 14 + 20 = 84.8, ಅಂದರೆ ಸುಮಾರು 85 ಪೊಸೆಷನ್. 68ನ್ನು 85ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ದಾಳಿ 80. ಅದೇ ರೀತಿ ರಕ್ಷಣೆ 82.4. ಕುಷ್ಟಗಿಯ ಪೊಸೆಷನ್ 64 ಆದರೆ ದಾಳಿ 87.5, ರಕ್ಷಣೆ 84.4. ಹೆಚ್ಚು ಚೆನ್ನಾಗಿ ಗಳಿಸುವುದು ಕುಷ್ಟಗಿ, ಹೆಚ್ಚು ಚೆನ್ನಾಗಿ ತಡೆಯುವುದು ಗಂಗಾವತಿ! 1990-91ರ ಡೆನ್ವರ್ ನಗೆಟ್ಸ್ ಎನ್‌ಬಿಎಯಲ್ಲೇ ಹೆಚ್ಚು, ಪಂದ್ಯಕ್ಕೆ 119.9 ಪಾಯಿಂಟ್ ಗಳಿಸಿಯೂ ಗೆದ್ದದ್ದು 82ರಲ್ಲಿ 20 ಪಂದ್ಯ ಮಾತ್ರ. ಅವರ ವೇಗ ಕಳೆದರೆ ದಾಳಿಯೂ ಲೀಗ್‌ನ ಸರಾಸರಿಗಿಂತ ಕೆಳಗಿತ್ತು.

ತೊಡಕೊಂದಿದೆ. ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಬಿದ್ದ ಪಾಯಿಂಟ್ ಮತ್ತು ಫೌಲ್ ಇರುತ್ತವೆ; ತಪ್ಪಿದ ಶಾಟ್, ರೀಬೌಂಡ್, ಟರ್ನೋವರ್ ಇರುವುದಿಲ್ಲ. ಅದಕ್ಕೆ ಇನ್ನೊಬ್ಬರು ನೋಟ್‌ಬುಕ್ ಹಿಡಿದು ಕೂರಬೇಕು. ಚೆಂಡು ಸರದಿಯಂತೆ ಕೈ ಬದಲಾಗುವುದರಿಂದ ಒಂದೇ ಪಂದ್ಯದಲ್ಲಿ ಎರಡೂ ತಂಡಗಳ ಪೊಸೆಷನ್ ಹೆಚ್ಚುಕಡಿಮೆ ಸಮ ಬರಬೇಕು. ಐದಾರರ ವ್ಯತ್ಯಾಸ ಕಂಡರೆ ಯಾವುದೋ ಟರ್ನೋವರ್ ಅಥವಾ ರೀಬೌಂಡ್ ಬರೆಯುವುದು ತಪ್ಪಿದೆ ಎಂದೇ ಅರ್ಥ.

ರೇಟಿಂಗ್ ವೇಗವನ್ನು ಸರಿದೂಗಿಸುತ್ತದೆಯೇ ಹೊರತು ಎದುರಾಳಿಯ ಬಲವನ್ನಲ್ಲ. ಯಲಬುರ್ಗಾದ ತಂಡ ದುರ್ಬಲರನ್ನೇ ಎದುರಿಸಿದ್ದರೆ ಅದರ ಅಂಕಿ ಚೆಂದವಾಗಿಯೇ ಕಾಣುತ್ತದೆ. ಒಂದೆರಡು ಪಂದ್ಯ ನೋಡಿ ತೀರ್ಪು ಕೊಡಬೇಡಿ. ಇಡೀ ಕೂಟದ ಪಾಯಿಂಟ್ ಮತ್ತು ಪೊಸೆಷನ್ ಕೂಡಿಸಿ, ಕೊನೆಯಲ್ಲಿ ಒಮ್ಮೆ ಭಾಗಿಸಿ.